‘ಮೀಟಿಂಗಲ್ಲಿ ಮಾತಾಡಿದಂತೆ’ ಅಂತ ಮೇಲ್ ಬಂದರೆ ಏನು ಉತ್ತರ ಬರೆಯಬೇಕು?

ಪ್ರಶ್ನೆ: ನಾನು ದಾವಣಗೆರೆ ಹತ್ತಿರದ ಒಂದು ಕೋಳಿ ಆಹಾರ ಕಂಪನಿಯ ಖರೀದಿ ವಿಭಾಗದಲ್ಲಿದ್ದೇನೆ. ವಾರಕ್ಕೆ ಆರೇಳು ಮೀಟಿಂಗ್. ಏನು ತೀರ್ಮಾನ ಆಯ್ತು ಅಂತ ಯಾರೂ ಬರೆಯಲ್ಲ. 7ನೇ ತಾರೀಕಿನ ಮೀಟಿಂಗಲ್ಲಿ ಪ್ಲಾಂಟ್ ಹೆಡ್ ‘ಸ್ಟಾಕ್ ಇಲ್ಲ, ತೇವಾಂಶ 16ರವರೆಗೂ ಮೆಕ್ಕೆಜೋಳ ಇಳಿಸ್ಕೊಳ್ಳಿ’ ಅಂದರು. ನಮ್ಮ ಮಿತಿ ಶೇಕಡಾ 14. ಮರುದಿನ ತಲಾ 20 ಟನ್ನಿನ ಎರಡು ಲೋಡ್ ಬಂತು. ಒಂದು 15.6, ಇನ್ನೊಂದು 16.8. ಎರಡನೆಯದಕ್ಕೆ ಫೋನ್ ಮಾಡಿ ಕೇಳಿದೆ. ‘ಇಳಿಸಿ, ನೋಡೋಣ’ ಅಂದರು. ಹತ್ತು ದಿನಕ್ಕೆ ಚೀಲಗಳಿಗೆ ಬೂಷ್ಟು ಬಂತು. ಈಗ ಅವರೇ ಒಂಬತ್ತು ಜನಕ್ಕೆ ಸಿಸಿ ಹಾಕಿ, ‘ಮೀಟಿಂಗಲ್ಲಿ ಮಾತಾಡಿದಂತೆ ಮಿತಿಯೊಳಗಿನ ಮಾಲು ಮಾತ್ರ ಇಳಿಯುವಂತೆ ನೋಡಿಕೊಳ್ಳುವುದು ಖರೀದಿ ವಿಭಾಗದ ಜವಾಬ್ದಾರಿಯಾಗಿತ್ತು, ವಿವರಣೆ ಕೊಡಿ’ ಅಂತ ಬರೆದಿದ್ದಾರೆ. ನಾನು ಏನು ಉತ್ತರ ಕೊಡಲಿ? ಮುಂದೆ ಇಂಥದ್ದು ಆಗದ ಹಾಗೆ ಏನು ಮಾಡಲಿ?

ಉತ್ತರ: ಉತ್ತರ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಗೇಟಿಗೆ ಹೋಗಿ 8ನೇ ತಾರೀಕಿನ ರಿಜಿಸ್ಟರ್ ಪುಟದ ಪ್ರತಿ ಇಸ್ಕೊಳ್ಳಿ. ಎರಡೂ ಲಾರಿ ಎಷ್ಟು ಗಂಟೆಗೆ ಒಳಗೆ ಬಂದವು, ಎಷ್ಟು ಗಂಟೆಗೆ ಖಾಲಿಯಾಗಿ ಹೊರಗೆ ಹೋದವು ಅನ್ನೋದು ಅಲ್ಲಿರುತ್ತದೆ. ವೇಬ್ರಿಡ್ಜ್ ಚೀಟಿ ಮತ್ತು ಲ್ಯಾಬಿನ ತೇವಾಂಶ ಚೀಟಿಯ ಪ್ರತಿಯನ್ನೂ ತನ್ನಿ. ನಿಮ್ಮ ಫೋನಲ್ಲಿ ಆ ದಿನದ ಕಾಲ್ ಎಷ್ಟು ಗಂಟೆಗೆ ಹೋಗಿತ್ತು, ಎಷ್ಟು ನಿಮಿಷ ಮಾತಾಡಿದಿರಿ ಅಂತ ನೋಡಿ ಬರೆದಿಟ್ಟುಕೊಳ್ಳಿ. ಕಾಲ್ ಪಟ್ಟಿ ಹಳೆಯದಾದಂತೆ ಫೋನಿಂದ ತಾನಾಗೇ ಅಳಿದು ಹೋಗುತ್ತದೆ, ಹಾಗಾಗಿ ಇದನ್ನು ನಾಳೆಗೆ ಬಿಡಬೇಡಿ.

ನಾನು ಹರಿಹರ, ದಾವಣಗೆರೆ ಕಡೆಯ ಕಾರ್ಖಾನೆಗಳಲ್ಲಿ ಸ್ಟೋರ್ಸ್ ಮತ್ತು ಖರೀದಿ ನೋಡಿಕೊಂಡವನು. ಆಮೇಲೆ ಕೆಲವು ವರ್ಷ ಕಂಪನಿಗಳ ಒಳಗಿನ ವಿಚಾರಣೆಗಳಿಗೆ ಎನ್‌ಕ್ವೈರಿ ಆಫೀಸರ್ ಆಗಿ ಕೂತಿದ್ದೇನೆ. ಆ ಕುರ್ಚಿಯಲ್ಲಿ ಕೂತಾಗ ಯಾವ ಕಾಗದ ನಿಲ್ಲುತ್ತದೆ, ಯಾವುದು ಬಿದ್ದು ಹೋಗುತ್ತದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನೇ ನಿಮಗೆ ಹೇಳುತ್ತೇನೆ.

ಮೊದಲು ಆ ಮೇಲನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಅದರಲ್ಲಿ ಎರಡು ಬೇರೆ ಬೇರೆ ಮಾತುಗಳನ್ನು ಒಂದೇ ವಾಕ್ಯದಲ್ಲಿ ಕಟ್ಟಿದ್ದಾರೆ. ‘ಮಾಲು ಇಳಿಸಿಕೊಂಡವರು ಯಾರು’ ಅನ್ನೋದು ಒಂದು. ‘ಮಿತಿ ಮೀರಿದ ಮಾಲು ಇಳಿಸಬಹುದು ಅಂತ ತೀರ್ಮಾನ ಮಾಡಿದವರು ಯಾರು’ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಖರೀದಿ ಮತ್ತು ಸ್ಟೋರ್ಸ್. ಅದನ್ನು ನೀವು ಅಲ್ಲಗಳೆಯಬೇಕಾಗಿಲ್ಲ. ಎರಡನೆಯದಕ್ಕೆ ಉತ್ತರ ಆ ಮೇಲಲ್ಲಿ ಇಲ್ಲವೇ ಇಲ್ಲ. ‘ಮೀಟಿಂಗಲ್ಲಿ ಮಾತಾಡಿದಂತೆ’ ಅಂದರು. ಯಾರು ಮಾತಾಡಿದರು, ಏನು ಹೇಳಿದರು ಅಂತ ಬರೆದಿಲ್ಲ. ನೀವು ಉತ್ತರ ಕೊಡಬೇಕಾದ ಜಾಗ ಅದೇ. ಉಳಿದ ಒಂಬತ್ತು ಜನರಲ್ಲಿ ಹೆಚ್ಚಿನವರು ಆ ಮೀಟಿಂಗಲ್ಲಿ ಇರಲೇ ಇಲ್ಲ ಅಲ್ವಾ? ಅವರಿಗೆ ಈ ವಿಷಯದ ಬಗ್ಗೆ ಗೊತ್ತಿರುವುದು ಆ ಒಂದೇ ವಾಕ್ಯ. ನೀವು ಸುಮ್ನೆ ಇದ್ದರೆ ಆರು ತಿಂಗಳ ನಂತರ ಫೈಲ್ ತೆಗೆದವರಿಗೂ ಅದೊಂದೇ ಸಿಗುತ್ತದೆ. ಉತ್ತರ ಕೊಡದೇ ಇದ್ದ ಮಾತ್ರಕ್ಕೆ ತಪ್ಪೊಪ್ಪಿಗೆ ಅಂತ ಯಾವ ವಿಚಾರಣೆಯಲ್ಲೂ ಬರೆಯುವುದಿಲ್ಲ. ಆದರೆ ‘ಆಗ ಯಾಕೆ ಹೇಳಲಿಲ್ಲ?’ ಅನ್ನೋ ಪ್ರಶ್ನೆ ಮೊದಲು ಬರುತ್ತದೆ. ಅದಕ್ಕೆ ಒಳ್ಳೆಯ ಉತ್ತರ ಕೊಟ್ಟವರನ್ನು ನಾನು ನೋಡಿಲ್ಲ.

ಹಾಗಂತ ಮೇಲ್ ಓದಿದ ಹತ್ತು ನಿಮಿಷಕ್ಕೇ ಬರೆಯಬೇಡಿ. ಕಾಗದ ಕೈಗೆ ಬಂದ ಮೇಲೆ, ಅದೇ ದಿನ ಅಥವಾ ಮರುದಿನ ಮಧ್ಯಾಹ್ನದೊಳಗೆ ಬರೆಯಿರಿ. ಹೊಸ ಮೇಲ್ ಬೇಡ. ಅವರ ಮೇಲಿಗೇ ಉತ್ತರವಾಗಿ ಹೋಗಲಿ, ಆಗ ಎರಡೂ ಒಂದೇ ಸರಪಳಿಯಲ್ಲಿ ಉಳಿಯುತ್ತವೆ. ಆಪಾದನೆ ಎಲ್ಲರ ಮುಂದೆ ಬಂದಿರುವುದರಿಂದ ಉತ್ತರವೂ ಎಲ್ಲರಿಗೂ ಹೋಗಲಿ, ಆದರೆ ಒಂದೇ ಒಂದು ಸಲ. ಹೊಸದಾಗಿ ಯಾರನ್ನೂ ಸಿಸಿಗೆ ಸೇರಿಸಬೇಡಿ. ಬಿಸಿಸಿಯಂತೂ ಬೇಡವೇ ಬೇಡ. ಗುಟ್ಟಾಗಿ ಪ್ರತಿ ಪಡೆದವರು ಮರೆತು ‘ರಿಪ್ಲೈ ಆಲ್’ ಒತ್ತಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೆ ಬೂಷ್ಟಿನ ಮಾತು ಹೋಗಿ ನಿಮ್ಮ ನಡತೆಯ ಮಾತಾಗುತ್ತದೆ.

ಉತ್ತರ ಹೀಗಿರಬಹುದು. ನಿಮ್ಮಲ್ಲಿ ಇಂಗ್ಲಿಷಲ್ಲಿ ಬರೆಯುವ ರೂಢಿ ಇದ್ದರೆ ಇದೇ ಕ್ರಮದಲ್ಲಿ ಇಂಗ್ಲಿಷಲ್ಲೇ ಬರೆಯಿರಿ. ಗಂಟೆಗಳನ್ನು ನಾನು ಸುಮ್ನೆ ಹಾಕಿದ್ದೇನೆ, ನಿಮ್ಮ ರಿಜಿಸ್ಟರ್ ನೋಡಿ ಸರಿಯಾದದ್ದು ತುಂಬಿ.

> ಸರ್, ಈ ಎರಡು ಲೋಡ್‌ಗಳ ವಿವರ ಹೀಗಿದೆ.
>
> 7ನೇ ತಾರೀಕಿನ ಮೀಟಿಂಗಲ್ಲಿ, ಸ್ಟಾಕ್ ಕಡಿಮೆ ಇರುವುದರಿಂದ ತೇವಾಂಶ 16ರವರೆಗಿನ ಮೆಕ್ಕೆಜೋಳ ಇಳಿಸಿಕೊಳ್ಳಲು ತಾವು ಹೇಳಿದ್ದಿರಿ. ಆ ಮೀಟಿಂಗಿನ ತೀರ್ಮಾನಗಳನ್ನು ಯಾರೂ ಬರೆದಿಟ್ಟಿಲ್ಲ. ಇದು ನನ್ನ ನೆನಪಿನಿಂದ ಬರೆದದ್ದು.
>
> 8ನೇ ತಾರೀಕು ಬೆಳಿಗ್ಗೆ 9.40ಕ್ಕೆ ಮೊದಲ ಲೋಡ್ ಬಂತು. ಲ್ಯಾಬ್ ಚೀಟಿಯಂತೆ ತೇವಾಂಶ 15.6. ಮೀಟಿಂಗಿನ ಮಾತಿನಂತೆ ಇಳಿಸಲಾಯಿತು.
>
> ಅದೇ ದಿನ ಮಧ್ಯಾಹ್ನ 2.15ಕ್ಕೆ ಎರಡನೇ ಲೋಡ್ ಬಂತು. ತೇವಾಂಶ 16.8. ಅದು 16ನ್ನೂ ಮೀರಿದ್ದರಿಂದ 2.50ಕ್ಕೆ ತಮಗೆ ಫೋನ್ ಮಾಡಿ ಕೇಳಿದೆ. ಇಳಿಸಲು ತಿಳಿಸಿದಿರಿ. ಆ ನಂತರ ಇಳಿಸಲು ಶುರು ಮಾಡಿದೆವು. ಇದಕ್ಕೆ ನಾನು ಲಿಖಿತ ಒಪ್ಪಿಗೆ ತೆಗೆದುಕೊಳ್ಳಲಿಲ್ಲ.
>
> ಲ್ಯಾಬ್ ಚೀಟಿ, ವೇಬ್ರಿಡ್ಜ್ ಚೀಟಿ, ಗೇಟ್ ರಿಜಿಸ್ಟರ್ ಪುಟ ಲಗತ್ತಿಸಿದ್ದೇನೆ.
>
> ಬೂಷ್ಟು ಬಂದ ಚೀಲಗಳನ್ನು ಬೇರೆ ಇಟ್ಟು, ಲ್ಯಾಬ್ ಪರೀಕ್ಷೆ ಆಗುವವರೆಗೆ ಮಿಕ್ಸಿಂಗ್‌ಗೆ ಹೋಗದಂತೆ ನೋಡಬೇಕು. ಉಳಿದ ಚೀಲಗಳನ್ನು ಹರಡಿ ಒಣಗಿಸಬೇಕೇ ಅನ್ನೋದಕ್ಕೆ ಇವತ್ತೇ ತಮ್ಮ ತೀರ್ಮಾನ ಬೇಕು.

ಇದರಲ್ಲಿ ಕೆಲವು ವಾಕ್ಯ ಓದಿ ನಿಮಗೆ ಕಸಿವಿಸಿ ಆಗಬಹುದು. ‘ಲಿಖಿತ ಒಪ್ಪಿಗೆ ತೆಗೆದುಕೊಳ್ಳಲಿಲ್ಲ’ ಅಂತ ನಾನೇ ಯಾಕೆ ಬರೆಯಲಿ ಅನ್ನಿಸುತ್ತದೆ. ಆದರೆ ಅದು ನಿಜ, ಮತ್ತು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆಯೂ ಅದೇ. ನೀವೇ ಮೊದಲು ಬರೆದರೆ ಅದು ಒಂದು ಸಂಗತಿಯಾಗಿ ಉಳಿಯುತ್ತದೆ. ಅವರು ಕೆದಕಿ ತೆಗೆದರೆ ಮುಚ್ಚಿಟ್ಟ ಹಾಗೆ ಕಾಣುತ್ತದೆ. ‘ನೆನಪಿನಿಂದ’ ಅಂತ ಬರೆದಿರುವುದೂ ಹಾಗೇ. ಚೀಟಿ ಇರುವ ಮಾತು ಯಾವುದು, ನೆನಪಿನ ಮಾತು ಯಾವುದು ಅಂತ ನೀವೇ ಬೇರೆ ಮಾಡಿ ತೋರಿಸಿದಾಗ, ಓದುವವರಿಗೆ ನಿಮ್ಮ ನೆನಪಿನ ಮಾತಿನ ಮೇಲೂ ನಂಬಿಕೆ ಬರುತ್ತದೆ.

ಈ ಉತ್ತರದಲ್ಲಿ ಏನಿಲ್ಲ ಅನ್ನೋದನ್ನೂ ಗಮನಿಸಿ. ‘ನನ್ನ ಮೇಲೆ ತಪ್ಪು ಹೊರಿಸುತ್ತಿದ್ದೀರಿ’ ಅಂತ ಇಲ್ಲ. ‘ಎಲ್ಲರಿಗೂ ಗೊತ್ತು’ ಅಂತ ಇಲ್ಲ. ಲ್ಯಾಬಿನವರು ಯಾಕೆ ತಡೆಯಲಿಲ್ಲ ಅಂತಲೂ ಇಲ್ಲ. ಲ್ಯಾಬ್ ಚೀಟಿ ಲಗತ್ತಿಸಿದ್ದೀರಿ, ಅದರ ಮೇಲೆ ಅವರ ಸಹಿ ಇದೆ, ಅಷ್ಟು ಸಾಕು. ಅವರ ಹೆಸರನ್ನು ಎಳೆದರೆ ಮೀಟಿಂಗಲ್ಲಿ ಆ ಮಾತನ್ನು ಕಿವಿಯಾರೆ ಕೇಳಿದ ಒಬ್ಬ ಸಾಕ್ಷಿಯನ್ನು ನೀವೇ ಎದುರು ಪಕ್ಷಕ್ಕೆ ಕಳಿಸಿದ ಹಾಗೆ.

ಕೊನೆಯ ಪ್ಯಾರಾ ಬಿಡಬೇಡಿ. ಬೂಷ್ಟು ಬಂದ ಮೆಕ್ಕೆಜೋಳದಲ್ಲಿ ಅಫ್ಲಟಾಕ್ಸಿನ್ ಇರಬಹುದು, ಅದು ಕೋಳಿಗಳ ಯಕೃತ್ತಿಗೆ ಹೊಡೆತ. ಜಗಳದ ನಡುವೆ ಆ ಚೀಲಗಳು ಮಿಕ್ಸಿಂಗ್‌ಗೆ ಹೋದರೆ ಈಗಿನ ನಷ್ಟದ ಮೇಲೆ ಇನ್ನೊಂದು ನಷ್ಟ. ಅದನ್ನು ತಡೆಯಲು ಮೊದಲು ಬರೆದವರು ನೀವೇ ಆಗಿರುತ್ತೀರಿ.

ಮೇಲ್ ಕಳಿಸಿದ ಮೇಲೆ ಅವರು ಇನ್ನೊಂದು ಉದ್ದ ಮೇಲ್ ಹಾಕಬಹುದು. ಆಗ ಮತ್ತೆ ಎಲ್ಲರಿಗೂ ಉತ್ತರಿಸಬೇಡಿ. ‘ನನ್ನ ವಿವರ ಹಿಂದಿನ ಮೇಲಲ್ಲಿದೆ, ಬೇಕಿದ್ದರೆ ಬಂದು ಮಾತಾಡುತ್ತೇನೆ’ ಅಂತ ಅವರೊಬ್ಬರಿಗೇ ಒಂದು ಸಾಲು ಸಾಕು. ಹತ್ತು ಜನರ ಮುಂದೆ ನಡೆಯುವ ಮೇಲ್ ಜಗಳದಲ್ಲಿ ಮೂರನೇ ಸುತ್ತಿಗೆ ಯಾರು ಸರಿ ಅಂತ ಯಾರೂ ಓದುವುದಿಲ್ಲ, ಇಬ್ಬರೂ ಕಿತ್ತಾಡುತ್ತಿದ್ದಾರೆ ಅಂತ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಎಚ್‌ಆರ್‌ನಿಂದ ನೋಟಿಸ್ ಅಂತಲೇ ಕಾಗದ ಬಂದರೆ ಅದು ಬೇರೆ ವಿಷಯ. ಅದಕ್ಕೆ ಕೊಟ್ಟ ಗಡುವಿನೊಳಗೆ, ಅವರು ಯಾವ ದಾಖಲೆ ನೆಚ್ಚಿಕೊಂಡಿದ್ದಾರೋ ಅದರ ಪ್ರತಿ ಕೇಳಿ, ಲಿಖಿತ ಉತ್ತರ ಕೊಡಲೇಬೇಕು.

ಇನ್ನು ಮುಂದಿನ ಮಾತು. ನಿಮ್ಮ ಕಷ್ಟ ಶುರುವಾಗಿದ್ದು ಬೂಷ್ಟು ಬಂದ ದಿನ ಅಲ್ಲ. 7ನೇ ತಾರೀಕು ಮೀಟಿಂಗ್ ಮುಗಿಸಿ ಎಲ್ಲರೂ ಎದ್ದು ಹೋದಾಗಲೇ ಶುರುವಾಗಿತ್ತು. ಅವತ್ತು ಮಧ್ಯಾಹ್ನದೊಳಗೆ ನಾಲ್ಕು ಸಾಲಿನ ಒಂದು ಮೇಲ್ ಹೋಗಿದ್ದರೆ ಇವತ್ತಿನ ಪ್ರಶ್ನೆಯೇ ಇರುತ್ತಿರಲಿಲ್ಲ. ಆ ಮೇಲ್ ಹೇಗಿರಬೇಕಿತ್ತು ಅಂದರೆ:

> ಸರ್, ಇವತ್ತಿನ ಮೀಟಿಂಗಲ್ಲಿ ನಾನು ತಿಳಿದುಕೊಂಡದ್ದು: ನಾಳೆಯಿಂದ ಶನಿವಾರದವರೆಗೆ ಬರುವ ಮೆಕ್ಕೆಜೋಳವನ್ನು ತೇವಾಂಶ 16ರವರೆಗೂ ಇಳಿಸಿಕೊಳ್ಳುವುದು. ನಮ್ಮ ಈಗಿನ ಮಿತಿ 14. 16 ಮೀರಿದ ಲಾರಿಯನ್ನು ಗೇಟಿನಲ್ಲೇ ನಿಲ್ಲಿಸುತ್ತೇವೆ. ನಾಳೆ ಬೆಳಿಗ್ಗೆ ಮೊದಲ ಲಾರಿ ಬರುತ್ತದೆ, ಅದಕ್ಕೆ ಮುಂಚೆ ತಮ್ಮ ಒಪ್ಪಿಗೆ ಬೇಕು.

ಇದನ್ನು ‘ಟು’ನಲ್ಲಿ ಪ್ಲಾಂಟ್ ಹೆಡ್‌ಗೆ ಮಾತ್ರ ಕಳಿಸಬೇಕು. ಸಿಸಿಯಲ್ಲಿ ಲ್ಯಾಬ್ ಮತ್ತು ಸ್ಟೋರ್ಸ್, ಯಾಕೆಂದರೆ ನಾಳೆ ಬೆಳಿಗ್ಗೆ ಇದರ ಪ್ರಕಾರ ಕೆಲಸ ಮಾಡಬೇಕಾದವರು ಅವರು. ಅಷ್ಟೇ ಜನ. ಬೆಂಗಳೂರಿನ ಹೆಡ್ ಆಫೀಸ್ ಬೇಡ, ಎಚ್‌ಆರ್ ಬೇಡ, ಅಕೌಂಟ್ಸ್ ಬೇಡ. ಟು ಅಂದರೆ ‘ನೀವು ಏನೋ ಮಾಡಬೇಕು’, ಸಿಸಿ ಅಂದರೆ ‘ನಿಮಗೆ ತಿಳಿದಿರಲಿ’. ಟುನಲ್ಲಿ ನಾಲ್ಕು ಹೆಸರಿದ್ದರೆ ಯಾರೂ ಉತ್ತರ ಕೊಡುವುದಿಲ್ಲ, ಒಬ್ಬರು ಇನ್ನೊಬ್ಬರು ಕೊಡುತ್ತಾರೆ ಅಂದುಕೊಳ್ಳುತ್ತಾರೆ. ನೀವೂ ಎಲ್ಲದಕ್ಕೂ ದೊಡ್ಡವರನ್ನು ಸಿಸಿಗೆ ಹಾಕಲು ಶುರು ಮಾಡಿದರೆ, ನಿಜವಾಗಿ ಅವರು ನೋಡಬೇಕಾದ ದಿನ ನಿಮ್ಮ ಮೇಲ್ ತೆರೆಯುವುದೇ ಇಲ್ಲ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ‘ಸಂಜೆಯೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಇದೆ ಅಂತ ತಿಳಿಯುತ್ತೇನೆ’ ಅಂತ ಬರೆದು ಕೆಲಸ ಮುಂದುವರಿಸುತ್ತಾರೆ. ಅದು ಎಲ್ಲ ಕಡೆ ನಡೆಯುವುದಿಲ್ಲ. ಕೆಲಸ ನಿಮ್ಮ ಅಧಿಕಾರದೊಳಗೇ ಇದ್ದರೆ, ಉದಾಹರಣೆಗೆ ಲಾರಿ ಬುಧವಾರದ ಬದಲು ಗುರುವಾರ ಬರುತ್ತದೆ ಅನ್ನೋ ಥರದ್ದು, ಆಗ ಆ ಮಾತು ಸಾಕು. ಆದರೆ ಕಂಪನಿಯ ಮಿತಿಯನ್ನೇ ಮೀರುವುದಿದ್ದರೆ ಆ ಅಧಿಕಾರ ನಿಮ್ಮದಲ್ಲ. ಅಧಿಕಾರ ಇಲ್ಲದವರು ಮೇಲಿನವರ ಮೌನವನ್ನು ಒಪ್ಪಿಗೆ ಅಂತ ಓದಿಕೊಳ್ಳಲು ಬರುವುದಿಲ್ಲ. ನಿಮ್ಮ ಮೇಲ್ ‘ನಾನು ತಿಳಿಸಿದ್ದೆ’ ಅನ್ನೋದನ್ನು ತೋರಿಸುತ್ತದೆ. ‘ಅವರು ಒಪ್ಪಿದ್ದರು’ ಅನ್ನೋದನ್ನು ತೋರಿಸುವುದಿಲ್ಲ. ವಿಚಾರಣೆಯಲ್ಲಿ ಈ ಎರಡರ ನಡುವಿನ ಅಂತರ ಬಹಳ ದೊಡ್ಡದು. ಮಿತಿ ಮೀರುವ ಕೆಲಸಕ್ಕೆ ‘ಸರಿ’ ಅನ್ನೋ ಒಂದು ಪದವಾದರೂ ಅವರ ಕಡೆಯಿಂದ ಬರಬೇಕು. ಇಲ್ಲವೇ ಲ್ಯಾಬ್ ಚೀಟಿಯ ಮೇಲೇ ‘16.8, ಇಳಿಸಬಹುದು’ ಅಂತ ಬರೆದು ಸಹಿ, ತಾರೀಕು, ಗಂಟೆ ಹಾಕಿಸಿಕೊಳ್ಳಬೇಕು.

‘ಲಾರಿ ಗೇಟಲ್ಲಿ ನಿಂತಿದೆ, ಹಮಾಲರು ಕಾಯ್ತಿದ್ದಾರೆ, ಡ್ರೈವರ್ ಕೂಗಾಡ್ತಿದ್ದಾನೆ, ಆಗ ಎಲ್ಲಿ ಮೇಲ್ ಬರೆಯೋದು?’ ಅಂತ ನೀವು ಕೇಳುತ್ತೀರಿ. ಗೊತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಎಪಿಎಂಸಿಗೆ ಹಸಿ ಮಾಲು ಒಟ್ಟಿಗೇ ನುಗ್ಗುವಾಗ ಗೇಟಿನ ಮುಂದೆ ಏನಾಗುತ್ತದೆ ಅಂತ ನಾನೂ ನೋಡಿದ್ದೇನೆ. ಅಂಥ ಹೊತ್ತಲ್ಲಿ ಫೋನ್ ಇಟ್ಟ ತಕ್ಷಣ ಅವರಿಗೇ ಒಂದು ವಾಟ್ಸಾಪ್ ಹಾಕಿ: ‘ಸರ್, ಈಗ ಫೋನಲ್ಲಿ ಹೇಳಿದಂತೆ ಎರಡನೇ ಲಾರಿ, ತೇವಾಂಶ 16.8, ಇಳಿಸುತ್ತಿದ್ದೇವೆ. ಸರಿ ಅಲ್ವಾ?’ ಜೊತೆಗೆ ಲ್ಯಾಬ್ ಚೀಟಿಯ ಫೋಟೊ. ಇದು ಮೂವತ್ತು ಸೆಕೆಂಡಿನ ಕೆಲಸ. ಪ್ರಶ್ನೆ ರೂಪದಲ್ಲಿ ಬರೆದರೆ ಉತ್ತರ ಬರುವುದು ಜಾಸ್ತಿ. ‘ಹ್ಞೂಂ’ ಅಂತ ಬಂದರೂ ಸಾಕು. ಉತ್ತರ ಬಂದ ಮೇಲೇ ಮೊದಲ ಚೀಲ ಇಳಿಯಲಿ.

ನಿಮ್ಮ ಫೋನಿನ ಕಾಲ್ ಪಟ್ಟಿ ಯಾಕೆ ಸಾಲದು ಅಂದರೆ, 2.50ಕ್ಕೆ ನೀವು ಮಾತಾಡಿದಿರಿ ಅಂತ ಅದು ಹೇಳುತ್ತದೆ, ಏನು ಮಾತಾಡಿದಿರಿ ಅಂತ ಹೇಳುವುದಿಲ್ಲ. ‘ಹೌದು, ಕಾಲ್ ಬಂದಿತ್ತು, ವಾಪಸ್ ಕಳಿಸಿ ಅಂತಲೇ ಹೇಳಿದ್ದೆ’ ಅಂತ ಅವರು ಅಂದರೆ ಮುಗಿಯಿತು. ಈಗಿನ ನಿಮ್ಮ ಪ್ರಕರಣದಲ್ಲಿ ಆ ಕಾಲಿಗೆ ಸ್ವಲ್ಪ ಬಲ ಬರುವುದು ಗೇಟ್ ರಿಜಿಸ್ಟರಿಂದ. 2.15ಕ್ಕೆ ಬಂದ ಲಾರಿ ಕಾಲ್ ಆಗುವವರೆಗೂ ನಿಂತಿತ್ತು, ಕಾಲ್ ಆದ ಮೇಲೆ ಇಳಿಯಿತು ಅಂದರೆ, ನೀವು ಏನನ್ನೋ ಕೇಳಿ, ಉತ್ತರ ಪಡೆದೇ ಕೆಲಸ ಶುರು ಮಾಡಿದಿರಿ ಅಂತ ಯಾರಿಗಾದರೂ ಅನ್ನಿಸುತ್ತದೆ. ಅದಕ್ಕೇ ಮೊದಲು ಗೇಟಿಗೆ ಹೋಗಿ ಅಂದದ್ದು.

ವಾಟ್ಸಾಪ್ ಮೇಲೆಯೇ ನಿಲ್ಲಬೇಡಿ. ಅಲ್ಲಿ ಕಳಿಸಿದ ಮಾತನ್ನು 15 ನಿಮಿಷದೊಳಗೆ ತಿದ್ದಬಹುದು. ಎರಡು ದಿನ ಕಳೆದ ಮೇಲೂ ಎಲ್ಲರ ಫೋನಿಂದ ಅಳಿಸಬಹುದು. ಸಂಜೆ ಮನೆಗೆ ಹೊರಡುವ ಮುಂಚೆ ಆ ದಿನದ ಇಂಥ ಮಾತುಗಳನ್ನು ಒಂದು ಮೇಲಿಗೆ ಇಳಿಸಿ. ‘ಇವತ್ತು 2.50ಕ್ಕೆ ಫೋನಲ್ಲಿ, ಆಮೇಲೆ ವಾಟ್ಸಾಪಲ್ಲಿ ತಾವು ತಿಳಿಸಿದಂತೆ…’ ಅಂತ ಎರಡು ಸಾಲು ಸಾಕು.

ಹೀಗೆ ಕೇಳುವುದು ಮೇಲಿನವರ ಮೇಲೆ ಅಪನಂಬಿಕೆ ತೋರಿಸಿದಂತೆ ಅಂತ ನಿಮಗೆ ಮುಜುಗರ ಆಗಬಹುದು. ಸರ್ಕಾರಿ ನೌಕರಿಯಲ್ಲಿ ಇದು ನಿಯಮವೇ ಆಗಿದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ ಪ್ರಕಾರ, ಮೇಲಧಿಕಾರಿಯ ಆದೇಶ ಸಾಮಾನ್ಯವಾಗಿ ಲಿಖಿತವಾಗಿರಬೇಕು. ಬಾಯಿಮಾತಲ್ಲಿ ಹೇಳಲೇಬೇಕಾಗಿ ಬಂದರೆ ಆಮೇಲೆ ತಕ್ಷಣ ಅದನ್ನು ಬರೆದು ಖಚಿತಪಡಿಸಬೇಕು. ಕೆಳಗಿನವರೂ ಬೇಗನೆ ಅದನ್ನು ಕೇಳಿ ಪಡೆಯಬೇಕು. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಅಧಿಕಾರಿಗಳು ಬರೀ ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಬಾರದು, ಅದು ದಾಖಲಾಗಬೇಕು ಅಂತ ಹೇಳಿತು. ನಿಮ್ಮದು ಖಾಸಗಿ ಕಂಪನಿ, ಆ ನಿಯಮ ನಿಮಗೆ ಅನ್ವಯಿಸುವುದಿಲ್ಲ. ಆದರೆ ಇದು ಎಲ್ಲ ಕಡೆ ಒಪ್ಪಿದ ಪದ್ಧತಿ ಅಂತ ನೀವು ಧೈರ್ಯವಾಗಿ ಹೇಳಬಹುದು. ‘ಸರ್, ನಾಳೆ ಲ್ಯಾಬಿನವರು ಕೇಳ್ತಾರೆ, ಒಂದು ಸಾಲು ಹಾಕಿಬಿಡಿ’ ಅಂದರೆ ಯಾರಿಗೂ ಬೇಜಾರಾಗುವುದಿಲ್ಲ.

ಮೀಟಿಂಗುಗಳನ್ನು ಕಡಿಮೆ ಮಾಡಿಸುವುದು ನಿಮ್ಮ ಕೈಲಿಲ್ಲ. ಅವುಗಳ ಕೊನೆಯ ಐದು ನಿಮಿಷ ನಿಮ್ಮ ಕೈಲಿದೆ. ಎಲ್ಲರೂ ಏಳುವ ಮುಂಚೆ ನೋಟ್‌ಬುಕ್ ತೆರೆದು ಗಟ್ಟಿಯಾಗಿ ಓದಿ: ‘ನನಗೆ ತಿಳಿದಂತೆ ಮೂರು ತೀರ್ಮಾನ ಆಯ್ತು. ತೇವಾಂಶ 16, ಶನಿವಾರದವರೆಗೆ, ಹೇಳಿದವರು ಪ್ಲಾಂಟ್ ಹೆಡ್ ಸರ್…’ ಯಾರು, ಏನು, ಯಾವತ್ತಿನವರೆಗೆ, ಅಷ್ಟೇ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ, ಮತ್ತು ಅದನ್ನು ಎಲ್ಲರೂ ಕೇಳಿರುತ್ತಾರೆ. ಆಮೇಲೆ ಕಳಿಸುವ ಮೇಲ್ ಹೊಸ ಮಾತಾಗಿ ಕಾಣುವುದಿಲ್ಲ. ‘ಇದರ ಬಗ್ಗೆ ಆಮೇಲೆ ನೋಡೋಣ’ ಅಂತ ತೇಲಿಸಿದ ವಿಷಯವನ್ನೂ ‘ತೀರ್ಮಾನ ಆಗಲಿಲ್ಲ’ ಅಂತಲೇ ಬರೆಯಿರಿ. ಎಷ್ಟೋ ಆಪಾದನೆ ಹುಟ್ಟುವುದು ಅಂಥ ತೇಲಿಸಿದ ವಿಷಯಗಳಿಂದ.

ದಾಖಲೆ ಇಟ್ಟುಕೊಳ್ಳುವ ವಿಷಯದಲ್ಲಿ ನನ್ನ ಮನಸ್ಸನ್ನು ಇವತ್ತಿಗೂ ಕೊರೆಯುವ ಒಂದು ಪ್ರಕರಣ ಹೇಳಲೇಬೇಕು. ಒಂದು ಕಾರ್ಖಾನೆಯಲ್ಲಿ ಐವತ್ತು ದಾಟಿದ ಸ್ಟೋರ್ ಕೀಪರ್ ಒಬ್ಬರ ಮೇಲೆ ಬೇರಿಂಗ್‌ಗಳು ಕಡಿಮೆಯಾದವು ಅಂತ ವಿಚಾರಣೆ ನಡೆಯಿತು. ಗೇಟ್ ಪಾಸ್ ಇಲ್ಲದೆ ಮಾಲು ಕೊಡಿ ಅಂತ ಮೇಲಿನವರೇ ಬಾಯಲ್ಲಿ ಹೇಳುತ್ತಿದ್ದರು ಅನ್ನೋದು ಅವರ ವಾದ. ಸಾಕ್ಷಿಗೆ ಒಂದು ಡೈರಿ ತಂದಿಟ್ಟರು. ನಾನು ಪುಟ ತಿರುವಿದೆ. ಹದಿನೈದು ದಿನದ ಬರಹ ಒಂದೇ ಪೆನ್ನಿನದು, ಒಂದೇ ಒತ್ತಿನದು. ಒಂದು ಕಡೆಯೂ ಕಾಟು ಇಲ್ಲ. ನಡುವೆ ಒಂದು ಭಾನುವಾರ, ಕಾರ್ಖಾನೆ ಮುಚ್ಚಿದ್ದ ದಿನ, ಅವತ್ತೂ ‘ಸಾಹೇಬರು ಹೇಳಿದಂತೆ ಎರಡು ಬೇರಿಂಗ್ ಕೊಟ್ಟೆ’ ಅಂತ ಇತ್ತು. ನೋಟಿಸ್ ಬಂದ ಮೇಲೆ ನೆನಪು ಮಾಡಿಕೊಂಡು ಒಂದೇ ರಾತ್ರಿ ಕೂತು ಬರೆದಿದ್ದರು. ಅವರು ಹೇಳಿದ್ದು ಬಹುಪಾಲು ನಿಜ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಆ ಡೈರಿ ತಂದ ಮೇಲೆ ಅವರ ಯಾವ ಮಾತೂ ನಿಲ್ಲಲಿಲ್ಲ. ‘ಇದನ್ನು ಮೊನ್ನೆ ನೆನಪಿಂದ ಬರೆದೆ’ ಅಂತ ಮೊದಲ ಪುಟದಲ್ಲಿ ಒಂದು ಸಾಲು ಬರೆದಿದ್ದರೆ ಅದಕ್ಕೆ ಅಷ್ಟರಮಟ್ಟಿಗಾದರೂ ಬೆಲೆ ಇರುತ್ತಿತ್ತು.

ಹಾಗಾಗಿ ಹಿಂದಿನ ತಾರೀಕು ಹಾಕಿ ಏನನ್ನೂ ಬರೆಯಬೇಡಿ. 7ನೇ ತಾರೀಕಿನ ಮೀಟಿಂಗಿನ ಟಿಪ್ಪಣಿ ಇವತ್ತು ಬರೆಯುವುದಾದರೆ ಇವತ್ತಿನ ತಾರೀಕನ್ನೇ ಹಾಕಿ. ಮುಂದಕ್ಕೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಹಾಳೆ ಹರಿಯಲು ಬಾರದ ಹೊಲಿಗೆಯದ್ದು. ದಿನಕ್ಕೆ ನಾಲ್ಕೈದು ಸಾಲು. ಯಾರು ಏನು ಹೇಳಿದರು ಅಂತ ಅವರ ಮಾತಲ್ಲೇ ಬರೆಯಿರಿ. ‘ದಬಾಯಿಸಿದರು’, ‘ಬೇಕಂತಲೇ ಮಾಡಿದರು’ ಅನ್ನೋದು ನಿಮ್ಮ ಅನಿಸಿಕೆ, ಅದು ಬೇಡ.

ಆಫೀಸಿನ ಮೇಲ್‌ಗಳನ್ನು ನಿಮ್ಮ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಹೆದರಿದವರು ಎಲ್ಲರೂ ಮೊದಲು ಮಾಡುವುದು ಅದನ್ನೇ. ಹೆಚ್ಚಿನ ಕಂಪನಿಗಳಲ್ಲಿ ದರ, ವ್ಯಾಪಾರಿಗಳ ವಿವರ ಇರುವ ಮೇಲ್ ಹೊರಗೆ ಹೋಗುವುದು ನಿಯಮಕ್ಕೆ ವಿರುದ್ಧ. ಇಲ್ಲದ ತಪ್ಪಿಗೆ ಉತ್ತರ ಹುಡುಕಲು ಹೋಗಿ ಇರುವ ತಪ್ಪೊಂದನ್ನು ಅವರ ಕೈಗೆ ಕೊಟ್ಟ ಹಾಗಾಗುತ್ತದೆ. ಆಫೀಸಿನ ಮೇಲ್ ಒಳಗೇ ಒಂದು ಫೋಲ್ಡರ್ ಮಾಡಿ ಅಲ್ಲಿಡಿ. ನಿಮ್ಮ ಸ್ವಂತ ನೋಟ್‌ಬುಕ್ಕಲ್ಲಿ ಆ ಮೇಲಿನ ತಾರೀಕು, ಗಂಟೆ, ವಿಷಯದ ಸಾಲು, ಯಾರಿಂದ ಯಾರಿಗೆ ಅನ್ನೋದನ್ನು ಮಾತ್ರ ಬರೆದುಕೊಳ್ಳಿ. ವಿಚಾರಣೆ ಅಂತ ಬಂದರೆ ‘ಇಂಥ ದಿನ ಇಷ್ಟು ಗಂಟೆಯ ಮೇಲ್ ತರಿಸಿ’ ಅಂತ ಕೇಳಲು ಅಷ್ಟು ಸಾಕು.

ಸ್ಕ್ರೀನ್‌ಶಾಟ್ ಮೇಲೆ ಪೂರ್ತಿ ಭರವಸೆ ಇಡಬೇಡಿ. ಅದು ಒಂದು ಚಿತ್ರ, ತಿದ್ದಲು ಸುಲಭ. ಮೂಲ ಮೇಲಲ್ಲಿ ಯಾವ ಸರ್ವರ್‌ಗಳನ್ನು ಹಾದು, ಯಾವ ಗಂಟೆಗೆ ಬಂತು ಅನ್ನೋ ವಿವರ ಒಳಗೇ ಇರುತ್ತದೆ. ಜಿಮೇಲ್ ಆಧಾರದ ಮೇಲ್ ಆದರೆ ಮೂರು ಚುಕ್ಕೆ ಒತ್ತಿ `Show original` ನೋಡಿದರೆ ಅದು ಕಾಣುತ್ತದೆ. ವಿಷಯ ಕೋರ್ಟಿನವರೆಗೂ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನು ಅದು. ಮೇಲ್, ವಾಟ್ಸಾಪ್ ಥರದ ದಾಖಲೆಯ ಪ್ರತಿ ಕೊಡುವಾಗ ಜೊತೆಗೆ ಒಂದು ಪ್ರಮಾಣಪತ್ರ ಇರಬೇಕು ಅಂತ ಅದು ಹೇಳುತ್ತದೆ. ಆ ಹಂತಕ್ಕೆ ವಕೀಲರು ಬೇಕು. ಅಲ್ಲಿಯವರೆಗೆ ನೀವು ಮಾಡಬೇಕಾದದ್ದು ಮೂಲ ಮೇಲ್ ಮತ್ತು ಆ ಮೆಸೇಜ್ ಇರುವ ಫೋನನ್ನು ಹಾಗೇ ಉಳಿಸಿಕೊಳ್ಳುವುದು.

ಕೊನೆಗೆ, ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಈ ತಿಂಗಳ ಕೊನೆಗೆ ನಿಮ್ಮ ಮೇಜಿಗೆ ಬರಲಿರುವ ಒಂದು ವಿಷಯ. ಹಸಿ ಮಾಲು ಒಣಗಿದರೆ ತೂಕ ಇಳಿಯುತ್ತದೆ. 16.8 ತೇವಾಂಶದ 20 ಟನ್ನಿನಲ್ಲಿ ನೀರು ಬಿಟ್ಟು ಉಳಿದ ಕಾಳು 16.64 ಟನ್. ಅದೇ ಕಾಳು 14ಕ್ಕೆ ಒಣಗಿದಾಗ ಒಟ್ಟು ತೂಕದ ನೂರರಲ್ಲಿ 86 ಪಾಲಾಗುತ್ತದೆ, ಅಂದರೆ ಒಟ್ಟು ತೂಕ 19.35 ಟನ್. ಸುಮಾರು 650 ಕಿಲೊ ಕಡಿಮೆ. ಇದೇ ಲೆಕ್ಕದಲ್ಲಿ 15.6ರ ಲೋಡಿನಲ್ಲಿ ಸುಮಾರು 370 ಕಿಲೊ ಹೋಗುತ್ತದೆ. ಎರಡೂ ಸೇರಿ ಒಂದು ಟನ್ನು. ಚೀಲಗಳನ್ನು ಒಣಗಿಸಿದ ಮೇಲೆ ಸ್ಟಾಕ್ ಎಣಿಸುವಾಗ ಆ ಒಂದು ಟನ್ನು ‘ಗೋಡೌನಲ್ಲಿ ಕಡಿಮೆ ಬಂತು’ ಅಂತ ಇನ್ನೊಂದು ಸಿಸಿ ಮೇಲ್ ಆಗಿ ಬರುತ್ತದೆ. ಈ ಲೆಕ್ಕವನ್ನು, ಎರಡೂ ಲ್ಯಾಬ್ ಚೀಟಿ ಸೇರಿಸಿ, ಅಕೌಂಟ್ಸ್ ಮತ್ತು ಸ್ಟೋರ್ಸಿಗೆ ಈ ವಾರವೇ ಬರೆದು ಕಳಿಸಿ. ಅದನ್ನು ಬೂಷ್ಟಿನ ಮೇಲ್ ಸರಪಳಿಗೆ ಸೇರಿಸಬೇಡಿ. ವಿಷಯದ ಸಾಲಲ್ಲಿ ಎರಡೂ ಲಾರಿಯ ನಂಬರ್ ಹಾಕಿ ಬೇರೆ ಮೇಲಾಗಿಯೇ ಕಳಿಸಿ.